ಡಿಡ್ ಹೋಗಿ ವಾಸ್ ಬರುವ ಲೆಕ್ಕ

ಸ್ಪರ್ಧಾತ್ಮಕ ಪರೀಕ್ಷೆಯ ಇಂಗ್ಲಿಷ್ ಭಾಗದಲ್ಲಿ ಇಂಥದ್ದೊಂದು ಪ್ರಶ್ನೆ ಬರುತ್ತದೆ: ‘ಡಿಡ್ ದಿ ಕ್ಲರ್ಕ್ ಸೆಂಡ್ ದಿ ನೋಟಿಸ್?’ ಗುಮಾಸ್ತರು ನೋಟಿಸ್ ಕಳುಹಿಸಿದರೇ ಎಂದು ಅರ್ಥ. ಕರ್ತರಿ ಪ್ರಯೋಗದಲ್ಲಿರುವ ಈ ವಾಕ್ಯವನ್ನು ಕರ್ಮಣಿಗೆ ತಿರುಗಿಸಬೇಕು. ಕೆಳಗೆ ನಾಲ್ಕು ಉತ್ತರಗಳಿರುತ್ತವೆ.

ಎ. ಈಸ್ ದಿ ನೋಟಿಸ್ ಸೆಂಟ್ ಬೈ ದಿ ಕ್ಲರ್ಕ್?
ಬಿ. ವಾಸ್ ದಿ ನೋಟಿಸ್ ಸೆಂಟ್ ಬೈ ದಿ ಕ್ಲರ್ಕ್?
ಸಿ. ಹ್ಯಾಸ್ ದಿ ನೋಟಿಸ್ ಬೀನ್ ಸೆಂಟ್ ಬೈ ದಿ ಕ್ಲರ್ಕ್?
ಡಿ. ಡಿಡ್ ದಿ ನೋಟಿಸ್ ಸೆಂಟ್ ಬೈ ದಿ ಕ್ಲರ್ಕ್?

ನಾಲ್ಕರಲ್ಲೂ ನೋಟಿಸ್ ಮುಂದಕ್ಕೆ ಬಂದಿದೆ. ಕ್ಲರ್ಕ್ ‘ಬೈ’ ಸೇರಿಸಿಕೊಂಡು ಕೊನೆಗೆ ಹೋಗಿದ್ದಾರೆ. ‘ಸೆಂಡ್’ ಇದ್ದದ್ದು ‘ಸೆಂಟ್’ ಆಗಿದೆ. ತರಗತಿಯಲ್ಲಿ ಬಾಯಿಪಾಠ ಮಾಡಿಸಿದ ಮೂರು ಹೆಜ್ಜೆಗಳೂ ನಾಲ್ಕೂ ಕಡೆ ಸರಿಯಾಗಿಯೇ ನಡೆದಿವೆ. ಹಾಗಾಗಿ ಆ ಮೂರು ಹೆಜ್ಜೆಗಳನ್ನಷ್ಟೇ ಕಲಿತವರಿಗೆ ಇಲ್ಲಿ ಆರಿಸಲು ಆಧಾರವೇ ಸಿಗುವುದಿಲ್ಲ. ಉತ್ತರ ನಿಂತಿರುವುದು ಸಹಾಯಕ ಕ್ರಿಯಾಪದದ ಮೇಲೆ, ಅದೂ ಅದರ ಕಾಲದ ಮೇಲೆ.

ಪ್ರಶ್ನೆ ತೆಗೆಯುವವರು ಬೇಕೆಂದೇ ಹೀಗೆ ಮಾಡುತ್ತಾರೆ. ನೋಟಿಸ್ಸನ್ನು ಕರ್ಮದ ಜಾಗದಲ್ಲೇ ಬಿಟ್ಟರೆ, ‘ಬೈ’ ಕೈಬಿಟ್ಟರೆ, ತಪ್ಪು ಕಣ್ಣಿಗೆ ಹೊಡೆಯುತ್ತದೆ. ಅಂಥ ಉತ್ತರವನ್ನು ಯಾರೂ ಆರಿಸುವುದಿಲ್ಲ. ಕಾಲವೊಂದನ್ನು ಪಲ್ಲಟ ಮಾಡಿದರೆ ವಾಕ್ಯ ಓದಲು ಚೆನ್ನಾಗಿಯೇ ಇರುತ್ತದೆ. ಮೇಲಿನ ‘ಎ’ ಮತ್ತು ‘ಸಿ’ ಎರಡೂ ತಮ್ಮಷ್ಟಕ್ಕೆ ತಪ್ಪಿಲ್ಲದ ಇಂಗ್ಲಿಷ್ ವಾಕ್ಯಗಳೇ. ಅವು ಬೇರೆ ಪ್ರಶ್ನೆಗಳಿಗೆ ಸರಿಯುತ್ತರಗಳು, ಈ ಪ್ರಶ್ನೆಗೆ ಅಲ್ಲ, ಅಷ್ಟೇ.

ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಪದವಿ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ ಇಂಗ್ಲಿಷಿನವು 25. ಸರಿಯುತ್ತರಕ್ಕೆ 2 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ಒಂದು ಪ್ರಶ್ನೆಗೆ ಸರಾಸರಿ 36 ಸೆಕೆಂಡು. ಆ ಹೊತ್ತಿನಲ್ಲಿ ನಾಲ್ಕೂ ಸಾಲುಗಳನ್ನು ಕಿವಿಗೊಟ್ಟು ಕೇಳಿ ‘ಯಾವುದು ಹಿತವಾಗಿ ಕೇಳುತ್ತದೆ’ ಎಂದು ಆರಿಸಲು ಹೋದರೆ ಎಡವುವುದು ಖಂಡಿತ. ಇಂಗ್ಲಿಷನ್ನು ಮನೆಯಲ್ಲಿ ಕೇಳಿ ಬೆಳೆದವರಿಗೆ ಕಿವಿ ನೆರವಾಗಬಹುದು. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಓದುತ್ತಿರುವ ಕನ್ನಡ ಮಾಧ್ಯಮದ ಹುಡುಗಿಗೆ ಬೇಕಿರುವುದು ಕಿವಿಯಲ್ಲ, ಕಾರಣ.

ಕಾರಣ ಕಷ್ಟದ್ದೇನೂ ಅಲ್ಲ. ಇಂಗ್ಲಿಷಿನ ಯಾವ ಪೂರ್ಣ ವಾಕ್ಯದಲ್ಲಾದರೂ ಕಾಲವನ್ನು ಹೇಳುವ ಕೆಲಸ ಒಂದೇ ಒಂದು ಪದದ ಪಾಲಿಗೆ ಬರುತ್ತದೆ. ‘ದಿ ಕ್ಲರ್ಕ್ ಸೆಂಟ್ ದಿ ನೋಟಿಸ್’ ಎಂಬಲ್ಲಿ ಆ ಕೆಲಸ ‘ಸೆಂಟ್’ ಪದದ್ದು. ಇದನ್ನೇ ಪ್ರಶ್ನೆ ಮಾಡಿದಾಗ ‘ಡಿಡ್’ ಎಂಬ ಪದ ಮುಂದೆ ಬಂದು ನಿಲ್ಲುತ್ತದೆ. ಭೂತಕಾಲ ಪೂರ್ತಿ ಅದರೊಳಗೆ ಸೇರಿಕೊಳ್ಳುವುದರಿಂದ ಕ್ರಿಯಾಪದ ಮತ್ತೆ ‘ಸೆಂಡ್’ ಎಂಬ ಮೂಲರೂಪಕ್ಕೆ ಮರಳುತ್ತದೆ. ‘ಡಿಡ್’ ಎಂಬುದಕ್ಕೆ ಇಲ್ಲಿ ಬೇರೆ ಅರ್ಥವೇನೂ ಇಲ್ಲ. ಇದು ಪ್ರಶ್ನೆ, ಕಾಲ ಭೂತಕಾಲ ಎಂದು ತಿಳಿಸಲಷ್ಟೇ ಅದು ಬಂದಿದೆ.

ಈಗ ವಾಕ್ಯ ಕರ್ಮಣಿಗೆ ತಿರುಗಿತು ಎನ್ನೋಣ. ಕ್ರಿಯಾಪದ ಮೂರನೆಯ ರೂಪ ತಾಳುತ್ತದೆ. ಕೋಚಿಂಗ್ ತರಗತಿಗಳಲ್ಲಿ ಇದಕ್ಕೆ ‘ವಿ ತ್ರೀ’ ಎನ್ನುತ್ತಾರೆ. ಈ ಮೂರನೆಯ ರೂಪಕ್ಕೆ ಕಾಲವಿಲ್ಲ. ಹೆಚ್ಚಿನವರು ಜಾರುವುದು ಇಲ್ಲೇ. ‘ಸೆಂಟ್’ ನೋಡಲು ಭೂತಕಾಲದ ‘ಸೆಂಟ್’ ಹಾಗೆಯೇ ಇದೆಯಲ್ಲ, ಅದೇ ಭೂತಕಾಲ ಹೇಳುತ್ತದೆ, ಮುಂದೆ ‘ಈಸ್’ ಇದ್ದರೇನಂತೆ ಎಂಬ ಭಾವನೆ ಗೊತ್ತಿಲ್ಲದೆ ಮೂಡುತ್ತದೆ. ಆದರೆ ನಾಳೆ ಕಳುಹಿಸುವ ನೋಟಿಸ್ಸಿಗೂ ‘ವಿಲ್ ಬಿ ಸೆಂಟ್’ ಎಂದೇ ಹೇಳುತ್ತೇವೆ. ಅಲ್ಲಿಯೂ ಅದೇ ‘ಸೆಂಟ್’ ಇದೆ, ಭೂತಕಾಲದ ಸುಳಿವೂ ಇಲ್ಲ. ಮೂರನೆಯ ರೂಪ ಎಲ್ಲ ಕಾಲದಲ್ಲೂ ಒಂದೇ ಆಗಿರುವುದರಿಂದ ಕಾಲ ಹೇಳುವ ಭಾರವೆಲ್ಲ ಅದರ ಮುಂದೆ ಬರುವ ‘ಬಿ’ ಎಂಬ ಕ್ರಿಯಾಪದದ ರೂಪಗಳ ಮೇಲೆ ಬೀಳುತ್ತದೆ: ಈಸ್, ಆರ್, ವಾಸ್, ವರ್, ಬೀನ್, ಬೀಯಿಂಗ್. ‘ಡಿಡ್’ ಹೊತ್ತಿದ್ದ ಭೂತಕಾಲ ‘ವಾಸ್’ ಪಾಲಾಗುತ್ತದೆ. ಈ ‘ವಾಸ್’ ಯಾರ ಸಹಾಯವೂ ಇಲ್ಲದೆ ತಾನೇ ಮುಂದೆ ಬಂದು ಪ್ರಶ್ನೆ ಕಟ್ಟಬಲ್ಲದು. ಹಾಗಾಗಿ ‘ಡಿಡ್’ ಪೂರ್ತಿ ಮಾಯವಾಗುತ್ತದೆ. ‘ಡಿ’ ಉತ್ತರ ತಪ್ಪಾಗುವುದು ಇದೇ ಕಾರಣಕ್ಕೆ. ಅದರಲ್ಲಿ ‘ಡಿಡ್’ ಉಳಿದಿದೆ, ಕರ್ಮಣಿಯನ್ನು ಕರ್ಮಣಿ ಮಾಡುವ ‘ಬಿ’ ಪದವೇ ಇಲ್ಲ.

ಅನುಮಾನವಾದಾಗ ಪ್ರಶ್ನೆಯನ್ನು ನೇರವಾಗಿ ತಿರುಗಿಸಲು ಹೋಗದೆ ಒಂದು ಸುತ್ತು ಹಾಕಿಕೊಂಡು ಬರುವುದು ಒಳ್ಳೆಯದು. ‘ಡಿಡ್ ದಿ ಕ್ಲರ್ಕ್ ಸೆಂಡ್ ದಿ ನೋಟಿಸ್’ ಎಂಬುದನ್ನು ಮೊದಲು ಸಾಧಾರಣ ಹೇಳಿಕೆ ಮಾಡಬೇಕು: ‘ದಿ ಕ್ಲರ್ಕ್ ಸೆಂಟ್ ದಿ ನೋಟಿಸ್’. ‘ಡಿಡ್’ ಮತ್ತು ‘ಸೆಂಡ್’ ಕೂಡಿ ‘ಸೆಂಟ್’ ಆಯಿತು. ಇದನ್ನು ಕರ್ಮಣಿ ಮಾಡಿದರೆ ‘ದಿ ನೋಟಿಸ್ ವಾಸ್ ಸೆಂಟ್ ಬೈ ದಿ ಕ್ಲರ್ಕ್’. ಕೊನೆಗೆ ‘ವಾಸ್’ ಪದವನ್ನು ಎತ್ತಿ ಮುಂದಿಟ್ಟು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ‘ಬಿ’ ಉತ್ತರ ಸಿದ್ಧ. ರೂಢಿಯಾದ ಮೇಲೆ ಈ ಮೂರು ಹೆಜ್ಜೆಗೆ ಹತ್ತು ಸೆಕೆಂಡೂ ಬೇಡ. ಕಾಲ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಪ್ರತಿ ಹೆಜ್ಜೆಯಲ್ಲೂ ಕಣ್ಣಿಗೆ ಕಾಣುವುದರಿಂದ ‘ಈಸ್’ ನುಸುಳಲು ಜಾಗವೇ ಇರುವುದಿಲ್ಲ.

ಕನ್ನಡಿಗರಿಗೆ ಇದರಲ್ಲಿ ಹೊಸದೇನೂ ಇಲ್ಲ ಎಂಬುದನ್ನು ಶಾಲೆಗಳಲ್ಲಿ ಹೇಳಿಕೊಡುವುದು ಕಡಿಮೆ, ಹೇಳಿಕೊಡಬೇಕು. ಕನ್ನಡ ವ್ಯಾಕರಣದ ಪಾಠದಲ್ಲಿ ಕರ್ಮಣಿ ಪ್ರಯೋಗವೆಂದರೆ ‘ರಾಮನಿಂದ ಪತ್ರವು ಬರೆಯಲ್ಪಟ್ಟಿತು’ ಎಂಬ ಉದಾಹರಣೆ ಬರುತ್ತದೆ. ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ, ಆದ್ದರಿಂದ ಮಕ್ಕಳಿಗೆ ಅದು ಪರೀಕ್ಷೆಗೆಂದೇ ಹುಟ್ಟಿದ ವಾಕ್ಯ ಅನ್ನಿಸುತ್ತದೆ. ಆದರೆ ಅದರ ಒಳಗನ್ನು ನೋಡಬೇಕು. ‘ಬರೆಯಲ್’ ಎಂಬ ಭಾಗ ಕದಲುವುದಿಲ್ಲ. ಬರೆಯಲ್ಪಡುತ್ತದೆ, ಬರೆಯಲ್ಪಟ್ಟಿತು, ಬರೆಯಲ್ಪಡುವುದು ಎಂದು ಕಾಲಕ್ಕೆ ತಕ್ಕಂತೆ ಬದಲಾಗುವುದೆಲ್ಲ ‘ಪಡು’. ಇಂಗ್ಲಿಷಿನಲ್ಲಿ ‘ಸೆಂಟ್’ ಕದಲದೆ ನಿಂತು ‘ಬಿ’ ಬದಲಾಗುವುದೂ ಇದೇ ಏರ್ಪಾಟು.

‘ಪಡು’ ಕೃತಕವೆನಿಸಿದರೆ ಪತ್ರಿಕೆಯಲ್ಲೂ ಸರ್ಕಾರಿ ಸುತ್ತೋಲೆಯಲ್ಲೂ ದಿನವೂ ಕಾಣುವ ‘ಲಾಗು’ ರೂಪವನ್ನೇ ತೆಗೆದುಕೊಳ್ಳಬಹುದು. ಪ್ರತಿ ತಿಂಗಳೂ ನೋಟಿಸ್ ಕಳುಹಿಸಲಾಗುತ್ತದೆ ಎಂಬುದು ಇಂಗ್ಲಿಷಿನಲ್ಲಿ ‘ಈಸ್ ಸೆಂಟ್’. ನಿನ್ನೆ ಕಳುಹಿಸಲಾಯಿತು ಎಂಬುದು ‘ವಾಸ್ ಸೆಂಟ್’. ಈಗ ಕಳುಹಿಸಲಾಗುತ್ತಿದೆ ಎಂದರೆ ‘ಈಸ್ ಬೀಯಿಂಗ್ ಸೆಂಟ್’, ನಾಳೆ ಕಳುಹಿಸಲಾಗುವುದು ಎಂದರೆ ‘ವಿಲ್ ಬಿ ಸೆಂಟ್’. ಎಲ್ಲೆಡೆಯೂ ‘ಕಳುಹಿಸಲ್’ ಹಾಗೇ ಇದೆ, ಕಾಲ ಹೇಳುವುದು ‘ಆಗು’. ಎರಡು ಭಾಷೆಗಳ ರಚನೆ ಪೂರ್ತಿ ಒಂದೇ ಎಂದಲ್ಲ. ಕನ್ನಡದಲ್ಲಿ ‘ನೋಟಿಸನ್ನು ಕಳುಹಿಸಲಾಯಿತು’ ಎನ್ನಬಹುದು, ಅಂದರೆ ಕರ್ಮ ತನ್ನ ವಿಭಕ್ತಿಯನ್ನು ಬಿಟ್ಟುಕೊಡಬೇಕಾಗಿಲ್ಲ. ಕಳುಹಿಸಿದವರು ಯಾರೆಂದು ಸಾಮಾನ್ಯವಾಗಿ ಹೇಳುವುದೂ ಇಲ್ಲ. ಕಾಲದ ಮಟ್ಟಿಗೆ ಮಾತ್ರ ಹೋಲಿಕೆ ಕೈಬಿಡುವುದಿಲ್ಲ.

ಒಂದು ಕಡೆ ಬಿಟ್ಟು. ಅದೇ ದೊಡ್ಡ ಗುಂಡಿ.

‘ಹ್ಯಾಸ್ ದಿ ಕ್ಲರ್ಕ್ ಸೆಂಟ್ ದಿ ನೋಟಿಸ್?’ ಎಂದು ಕೇಳಿದರೆ ಸರಿಯಾದ ಕರ್ಮಣಿ ‘ಹ್ಯಾಸ್ ದಿ ನೋಟಿಸ್ ಬೀನ್ ಸೆಂಟ್ ಬೈ ದಿ ಕ್ಲರ್ಕ್?’ ಕನ್ನಡದಲ್ಲಿ ಹೇಳುವುದಾದರೆ ‘ನೋಟಿಸ್ ಕಳುಹಿಸಲಾಗಿದೆಯೇ?’ ಈ ಕನ್ನಡ ವಾಕ್ಯದ ಬಾಲದಲ್ಲಿ ‘ಇದೆ’ ಕೂತಿದೆ. ‘ಇದೆ’ ಅಂದರೆ ‘ಈಸ್’ ಎಂದು ಒಂದನೇ ಇಂಗ್ಲಿಷ್ ಪುಸ್ತಕದಿಂದಲೂ ಕಲಿತ ಮನಸ್ಸು ತಕ್ಷಣ ‘ಈಸ್ ದಿ ನೋಟಿಸ್ ಸೆಂಟ್?’ ಎಂಬ ಉತ್ತರಕ್ಕೆ ಟಿಕ್ ಹಾಕುತ್ತದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಉತ್ತರಿಸುವವರು ಈ ಬಗೆಯ ಪ್ರಶ್ನೆಯಲ್ಲಿ ‘ಈಸ್’ ಆರಿಸುವುದಕ್ಕೆ ದಡ್ಡತನ ಕಾರಣವಲ್ಲ. ಅವರ ಭಾಷೆಯಲ್ಲಿ ಮುಗಿದು ಫಲ ಉಳಿದಿರುವ ಕೆಲಸವನ್ನು ಹೇಳಲು ‘ಇರು’ ಕ್ರಿಯಾಪದವೇ ಬರುತ್ತದೆ: ಬಂದಿದ್ದಾರೆ, ಬರೆದಿದೆ, ಕಳುಹಿಸಲಾಗಿದೆ. ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ‘ಹ್ಯಾವ್’ ಇದೆ. ಅದೇ ರೀತಿ ‘ಕಳುಹಿಸಲಾಗಿತ್ತು’ ಎಂಬಲ್ಲಿನ ‘ಇತ್ತು’ ನೋಡಿ ‘ವಾಸ್’ ಎಂದುಕೊಳ್ಳುತ್ತಾರೆ, ಸರಿಯಾದದ್ದು ‘ಹ್ಯಾಡ್ ಬೀನ್’.

ಇದಕ್ಕೆ ಪರಿಹಾರ ಬಾಲವನ್ನು ಬಿಟ್ಟು ಅದರ ಹಿಂದಿನ ಅಕ್ಷರವನ್ನು ನೋಡುವುದು. ಕಳುಹಿಸಲಾಗುತ್ತಿದೆ, ಕಳುಹಿಸಲಾಗಿದೆ. ಎರಡೂ ‘ಇದೆ’ಯಲ್ಲೇ ಮುಗಿಯುತ್ತವೆ. ನಡುವೆ ‘ಉತ್ತ’ ಇದ್ದರೆ ಕೆಲಸ ನಡೆಯುತ್ತಿದೆ, ‘ಬೀಯಿಂಗ್’ ಬರಬೇಕು. ‘ಉತ್ತ’ ಇಲ್ಲದಿದ್ದರೆ ಕೆಲಸ ಮುಗಿದಿದೆ, ‘ಹ್ಯಾಸ್’ ಮತ್ತು ‘ಬೀನ್’ ಜೋಡಿಯಾಗಿ ಬರಬೇಕು.

ಬೀಯಿಂಗ್, ಬೀನ್ ಎರಡರ ಗೊಂದಲ ಪರೀಕ್ಷೆಯ ಕೊಠಡಿಯಿಂದ ಆಚೆಗೂ ಹರಡಿದೆ. ಕಚೇರಿಗಳಿಂದ ಬರುವ ಇಮೇಲುಗಳಲ್ಲಿ ‘ಯುವರ್ ಅಪ್ಲಿಕೇಶನ್ ಈಸ್ ಬೀನ್ ಪ್ರೊಸೆಸ್ಡ್’ ಎಂಬ ಸಾಲನ್ನು ಓದದವರು ವಿರಳ. ಬೇಗ ಮಾತಾಡುವಾಗ ಎರಡು ಪದಗಳೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುವುದರಿಂದ ಬರೆಯುವಾಗಲೂ ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ. ಅರ್ಜಿ ಹಾಕಿದವರಿಗೆ ಈ ಸಾಲಿನಿಂದ ಏನೂ ತಿಳಿಯುವುದಿಲ್ಲ. ‘ಈಸ್ ಬೀಯಿಂಗ್ ಪ್ರೊಸೆಸ್ಡ್’ ಎಂದಿದ್ದರೆ ಪರಿಶೀಲಿಸಲಾಗುತ್ತಿದೆ, ಕಾಯಬೇಕು. ‘ಹ್ಯಾಸ್ ಬೀನ್ ಪ್ರೊಸೆಸ್ಡ್’ ಎಂದಿದ್ದರೆ ಪರಿಶೀಲಿಸಲಾಗಿದೆ, ಹೋಗಿ ಪಡೆಯಬಹುದು. ‘ಈಸ್ ಬೀನ್’ ಎಂಬ ಜೋಡಿ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಪಾಸ್‌ಪೋರ್ಟಿಗೋ ಸಾಲಕ್ಕೋ ಅರ್ಜಿ ಹಾಕಿ ಕೂತವರಿಗೆ ಈ ಎರಡು ಅರ್ಥಗಳ ನಡುವಿನ ಅಂತರ ಸಣ್ಣದಲ್ಲ. ಉತ್ತರಗಳಲ್ಲಿ ‘ಈಸ್’ ಅಥವಾ ‘ವಾಸ್’ ಜೊತೆಗೆ ‘ಬೀನ್’ ಕಂಡರೆ ಮುಂದೆ ಓದುವ ಅಗತ್ಯವಿಲ್ಲ, ಹೊಡೆದು ಹಾಕಬಹುದು. ‘ಹ್ಯಾಸ್’ ನಂತರ ಮೊದಲಿಗೇ ‘ಬೀಯಿಂಗ್’ ಕಂಡರೂ ಹಾಗೆಯೇ.

‘ಈಸ್ ಬೀಯಿಂಗ್’ ಎಂಬ ರಚನೆಗೆ ಇಂಗ್ಲಿಷರೇ ಬಹುಕಾಲ ಒಗ್ಗಿಕೊಂಡಿರಲಿಲ್ಲ ಎಂಬುದು ಇಲ್ಲಿ ಹೇಳಬೇಕಾದ ಸಂಗತಿ. ಹದಿನೆಂಟನೆಯ ಶತಮಾನದಲ್ಲಿ ಮನೆ ಕಟ್ಟಲಾಗುತ್ತಿದೆ ಎನ್ನಲು ‘ದಿ ಹೌಸ್ ಈಸ್ ಬಿಲ್ಡಿಂಗ್’ ಎಂದೇ ಬರೆಯುತ್ತಿದ್ದರು. ಹೊಸ ರಚನೆಯ ಮೊದಮೊದಲ ಉದಾಹರಣೆಗಳಲ್ಲಿ ಒಂದು ಕವಿ ರಾಬರ್ಟ್ ಸೌದಿ 1795ರಲ್ಲಿ ಬರೆದ ಕಾಗದದಲ್ಲಿದೆ. ಅದಾಗಿ ಮುಕ್ಕಾಲು ಶತಮಾನ ಕಳೆದ ಮೇಲೂ ಅಮೆರಿಕದ ರಿಚರ್ಡ್ ಗ್ರಾಂಟ್ ವೈಟ್ 1870ರ ತನ್ನ ಪುಸ್ತಕದಲ್ಲಿ ಇದನ್ನು ಖಂಡಿಸಲು ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಆ ಭಾಷೆಯವರೇ ವರ್ಷಾನುಗಟ್ಟಲೆ ತಕರಾರು ತೆಗೆದ ರೂಪವನ್ನು ನಮ್ಮ ಹತ್ತನೆಯ ತರಗತಿಯ ಮಕ್ಕಳು ಎರಡು ಪೀರಿಯಡ್ಡಿನಲ್ಲಿ ಅರಗಿಸಿಕೊಳ್ಳಬೇಕಾಗಿದೆ. ‘ಹ್ಯಾಸ್ ಬೀನ್ ಬೀಯಿಂಗ್ ಸೆಂಟ್’ ಎಂಬ ಇನ್ನೂ ಉದ್ದದ ರೂಪ ಇಂದಿಗೂ ಬಳಕೆಗೆ ಬಂದಿಲ್ಲವೆಂದೇ ಹೇಳಬೇಕು. ‘ಹ್ಯಾಸ್ ದಿ ಕ್ಲರ್ಕ್ ಬೀನ್ ಸೆಂಡಿಂಗ್ ನೋಟಿಸಸ್’ ಎಂಬಂಥ ವಾಕ್ಯಕ್ಕೆ ಶಾಲಾ ವ್ಯಾಕರಣಗಳು ಕರ್ಮಣಿ ಇಲ್ಲ ಎನ್ನುವುದು ಅದಕ್ಕೇ.

ಇನ್ನೊಂದು ಕಡೆ ಅಭ್ಯರ್ಥಿಗಳು ಸರಿಯುತ್ತರವನ್ನೇ ತಪ್ಪೆಂದು ಬಿಟ್ಟುಬಿಡುತ್ತಾರೆ. ‘ಹ್ಯಾಸ್ ದಿ ಕ್ಲರ್ಕ್ ಸೆಂಟ್ ದಿ ನೋಟಿಸಸ್?’ ಎಂದು ಬಹುವಚನದಲ್ಲಿ ಕೇಳಿದರೆ ಉತ್ತರ ‘ಹ್ಯಾವ್ ದಿ ನೋಟಿಸಸ್ ಬೀನ್ ಸೆಂಟ್?’ ಪ್ರಶ್ನೆಯಲ್ಲಿ ‘ಹ್ಯಾಸ್’, ಉತ್ತರದಲ್ಲಿ ‘ಹ್ಯಾವ್’. ಕಾಲ ಬದಲಾಯಿತೇ? ಇಲ್ಲ, ವಚನ ಬದಲಾಯಿತು. ಮೊದಲು ಕ್ಲರ್ಕ್ ಒಬ್ಬರೇ ಕರ್ತೃವಿನ ಜಾಗದಲ್ಲಿದ್ದರು, ಈಗ ಆ ಜಾಗಕ್ಕೆ ಹಲವು ನೋಟಿಸುಗಳು ಬಂದಿವೆ. ಈಸ್ ಹೋಗಿ ಆರ್ ಬರುವುದು, ವಾಸ್ ಹೋಗಿ ವರ್ ಬರುವುದು, ಹ್ಯಾಸ್ ಹೋಗಿ ಹ್ಯಾವ್ ಬರುವುದು ವಚನದ ವ್ಯವಹಾರ. ಇವು ಆಗಲೇಬೇಕಾದ ಬದಲಾವಣೆಗಳು. ಈಸ್ ಹೋಗಿ ವಾಸ್ ಬರುವುದು, ಹ್ಯಾಸ್ ಹೋಗಿ ಹ್ಯಾಡ್ ಬರುವುದು, ಕ್ಯಾನ್ ಹೋಗಿ ಕುಡ್ ಬರುವುದು ಕಾಲದ ವ್ಯವಹಾರ. ಇವು ಆಗಲೇಬಾರದು. ‘ಸಹಾಯಕ ಕ್ರಿಯಾಪದ ಬದಲಾಗಬಾರದು’ ಎಂದು ಒಂದೇ ಮಾತಿನಲ್ಲಿ ಕಲಿಸುವ ಗೈಡುಗಳು ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಹುಡುಗರ ದಾರಿ ತಪ್ಪಿಸುತ್ತವೆ.

ಸಹಾಯಕ ಕ್ರಿಯಾಪದವೇ ಇಲ್ಲದ ಪ್ರಶ್ನೆಗಳೂ ಉಂಟು. ‘ಹೂ ಕಟ್ ದಿ ಟ್ರೀ?’ ಮರ ಕಡಿದವರು ಯಾರು ಎಂಬ ಪ್ರಶ್ನೆ. ‘ಹೂ’ ಎಂಬುದೇ ಕರ್ತೃವಾದಾಗ ‘ಡಿಡ್’ ಬರುವುದಿಲ್ಲ, ಹಾಗಾಗಿ ಕಾಲವನ್ನು ಕ್ರಿಯಾಪದದಲ್ಲೇ ಹುಡುಕಬೇಕು. ಹುಡುಕಲು ಹೋದರೆ ‘ಕಟ್’ ಎಂಬ ಪದ ವರ್ತಮಾನದಲ್ಲೂ ‘ಕಟ್’, ಭೂತದಲ್ಲೂ ‘ಕಟ್’, ಮೂರನೆಯ ರೂಪದಲ್ಲೂ ‘ಕಟ್’. ಉತ್ತರಗಳಲ್ಲಿ ‘ಬೈ ಹೂಮ್ ಈಸ್ ದಿ ಟ್ರೀ ಕಟ್’ ಮತ್ತು ‘ಬೈ ಹೂಮ್ ವಾಸ್ ದಿ ಟ್ರೀ ಕಟ್’ ಎರಡೂ ಇರುತ್ತವೆ. ಇಲ್ಲಿ ಸುಳಿವು ಇರುವುದು ಕಾಣದ ಒಂದು ‘ಎಸ್’ ಅಕ್ಷರದಲ್ಲಿ. ‘ಹೂ’ ಸಾಮಾನ್ಯವಾಗಿ ಏಕವಚನದಂತೆ ನಡೆದುಕೊಳ್ಳುವುದರಿಂದ ವರ್ತಮಾನವಾಗಿದ್ದರೆ ‘ಹೂ ಕಟ್ಸ್’ ಎಂದಿರಬೇಕಿತ್ತು. ‘ಎಸ್’ ಇಲ್ಲವಾದ್ದರಿಂದ ಇದು ಭೂತಕಾಲ, ಉತ್ತರ ‘ವಾಸ್’. ಪುಟ್, ಹಿಟ್, ಶಟ್, ಹರ್ಟ್ ಪದಗಳಿಗೂ ಇದೇ ಪರೀಕ್ಷೆ.

ಕರ್ತೃ ಬಹುವಚನವಾದರೆ ಮಾತ್ರ ಈ ಸುಳಿವೂ ಕೈಕೊಡುತ್ತದೆ. ‘ದೇ ಕಟ್ ದಿ ಟ್ರೀಸ್’ ಎಂಬ ಹೇಳಿಕೆ ಅವರು ಮರ ಕಡಿಯುತ್ತಾರೆ ಎಂದೂ ಆಗಬಹುದು, ಕಡಿದರು ಎಂದೂ ಆಗಬಹುದು. ‘ಆರ್ ಕಟ್’, ‘ವರ್ ಕಟ್’ ಎರಡನ್ನೂ ಉತ್ತರಗಳಲ್ಲಿ ಇಟ್ಟರೆ ಪ್ರಶ್ನೆಯೇ ದೋಷಯುಕ್ತ. ಅದನ್ನೇ ‘ಡು ದೇ ಕಟ್’ ಅಥವಾ ‘ಡಿಡ್ ದೇ ಕಟ್’ ಎಂದು ಕೇಳಿದ್ದರೆ ಸಂಶಯವೇ ಇರುತ್ತಿರಲಿಲ್ಲ.

ತಿರುಗಿಸುವುದು ಹಿಮ್ಮುಖವಾಗಿಯೂ ಬರುತ್ತದೆ. ‘ವಾಸ್ ದಿ ಲೆಟರ್ ರಿಟನ್ ಬೈ ಹಿಮ್?’ ಎಂಬುದನ್ನು ಕರ್ತರಿಗೆ ತರಬೇಕು. ‘ವಾಸ್’ ಹೊತ್ತಿದ್ದ ಭೂತಕಾಲ ಮತ್ತೆ ‘ಡಿಡ್’ ಕೈಗೆ ಹೋಗುತ್ತದೆ, ಕ್ರಿಯಾಪದ ಮೂಲರೂಪಕ್ಕೆ ಇಳಿಯುತ್ತದೆ: ‘ಡಿಡ್ ಹಿ ರೈಟ್ ದಿ ಲೆಟರ್?’ ಪಕ್ಕದಲ್ಲೇ ‘ಡಿಡ್ ಹಿ ರೋಟ್’ ಎಂಬ ಉತ್ತರ ಆಸೆ ಹುಟ್ಟಿಸುತ್ತಾ ಕೂತಿರುತ್ತದೆ. ಕನ್ನಡದಲ್ಲಿ ‘ಬರೆದನು’ ಎಂಬುದನ್ನು ಪ್ರಶ್ನೆ ಮಾಡಲು ‘ಬರೆದನೇ’ ಎಂದು ಕೊನೆಯ ಸ್ವರ ಬದಲಿಸಿದರೆ ಸಾಕು, ಭೂತಕಾಲ ಕ್ರಿಯಾಪದದಿಂದ ಕದಲುವುದಿಲ್ಲ. ಆ ರೂಢಿಯಿಂದಲೇ ‘ಡಿಡ್’ ಬಂದ ಮೇಲೂ ‘ರೋಟ್’ ಹಾಗೇ ಉಳಿದುಬಿಡುತ್ತದೆ.

ಇನ್ನು ಪ್ರಶ್ನೆಯಲ್ಲೇ ಸಹಾಯಕ ಕ್ರಿಯಾಪದ ತಪ್ಪು ಕಾಲದಲ್ಲಿದ್ದರೆ? ಗೈಡುಗಳಲ್ಲಿ, ಮಾದರಿ ಪತ್ರಿಕೆಗಳಲ್ಲಿ ಇಂಥವು ಸಿಗುತ್ತವೆ. ಅವೆಲ್ಲ ಒಂದೇ ಬಗೆಯ ತಪ್ಪುಗಳಲ್ಲ ಎಂಬುದನ್ನು ಗಮನಿಸಬೇಕು. ‘ಡಿಡ್ ದಿ ಕ್ಲರ್ಕ್ ಸೆಂಟ್ ದಿ ನೋಟಿಸ್?’ ಎಂದು ಅಚ್ಚಾಗಿದ್ದರೆ ‘ಸೆಂಟ್’ ತಪ್ಪು, ‘ಸೆಂಡ್’ ಇರಬೇಕಿತ್ತು. ಆದರೆ ಎರಡು ಪದಗಳೂ ಭೂತಕಾಲವನ್ನೇ ತೋರಿಸುವುದರಿಂದ ಉತ್ತರಕ್ಕೆ ಧಕ್ಕೆಯಿಲ್ಲ. ‘ವಾಸ್’ ಎಂದು ಬರೆದು ಮುಂದಕ್ಕೆ ಹೋಗಬಹುದು.

‘ಡಸ್ ದಿ ಕ್ಲರ್ಕ್ ಸೆಂಟ್ ದಿ ನೋಟಿಸ್?’ ಎಂದಿದ್ದರೆ ಕಷ್ಟ. ‘ಡಸ್’ ವರ್ತಮಾನಕ್ಕೆ ಎಳೆಯುತ್ತದೆ, ‘ಸೆಂಟ್’ ಭೂತಕ್ಕೆ ಎಳೆಯುತ್ತದೆ. ಇಂಗ್ಲಿಷ್ ಪ್ರಶ್ನೆಯಲ್ಲಿ ಕಾಲ ಹೇಳುವ ಅಧಿಕಾರ ಮೊದಲ ಪದದ್ದು, ಅದರ ನಂತರದ ಕ್ರಿಯಾಪದ ಮೂಲರೂಪದಲ್ಲಿರಬೇಕು. ಆ ಕಟ್ಟಳೆಯಂತೆ ನೋಡಿದರೆ ‘ಡಸ್’ ತನ್ನ ಜಾಗದಲ್ಲಿ ಸರಿಯಾಗಿದೆ, ‘ಸೆಂಟ್’ ನಿಯಮ ಮೀರಿದೆ. ಹಾಗಾಗಿ ಒಂದನ್ನು ಆರಿಸಲೇಬೇಕಾದರೆ ‘ಈಸ್ ದಿ ನೋಟಿಸ್ ಸೆಂಟ್’ ಎಂಬುದಕ್ಕೇ ಬಲ ಹೆಚ್ಚು. ಬರೆದವರ ಮನಸ್ಸಿನಲ್ಲಿ ‘ಡಿಡ್’ ಇದ್ದು ‘ಡಸ್’ ಎಂದು ಅಚ್ಚಾಗಿರಲೂಬಹುದು, ಅದನ್ನು ಪರೀಕ್ಷೆಯ ಕೊಠಡಿಯಲ್ಲಿ ಕೂತು ಪತ್ತೆ ಮಾಡಲಾಗದು.

ಮೂರನೆಯ ಬಗೆ ನಯವಾಗಿ ಮೋಸ ಮಾಡುತ್ತದೆ. ‘ಹ್ಯಾಸ್ ದಿ ಕ್ಲರ್ಕ್ ಸೆಂಟ್ ದಿ ನೋಟಿಸ್ ಯೆಸ್ಟರ್ಡೇ?’ ಕನ್ನಡದಲ್ಲಿ ‘ನಿನ್ನೆಯೇ ಕಳುಹಿಸಿದ್ದಾರೆ’ ಎನ್ನುವುದು ತೀರಾ ಸಹಜ, ಆದ್ದರಿಂದ ಈ ಇಂಗ್ಲಿಷ್ ವಾಕ್ಯದಲ್ಲಿ ಏನೋ ಎಡವಟ್ಟಿದೆ ಎಂದು ನಮಗೆ ಅನ್ನಿಸುವುದೇ ಇಲ್ಲ. ಶಾಲಾ ವ್ಯಾಕರಣದ ಪ್ರಕಾರ ‘ನಿನ್ನೆ’ ಎಂದು ಕಾಲವನ್ನು ಗೊತ್ತುಮಾಡಿದ ಮೇಲೆ ‘ಹ್ಯಾಸ್’ ಬರುವಂತಿಲ್ಲ, ‘ಡಿಡ್’ ಬರಬೇಕು. ಇಲ್ಲಿ ಕೆಲವರು ವಾಕ್ಯವನ್ನು ತಿದ್ದಿಕೊಂಡು ‘ವಾಸ್’ ಬರೆಯುತ್ತಾರೆ. ಆದರೆ ಕೇಳಿರುವುದು ಪ್ರಯೋಗ ಬದಲಿಸಿ ಎಂದು, ತಪ್ಪು ತಿದ್ದಿ ಎಂದಲ್ಲ. ಕೊಟ್ಟ ಕಾಲವನ್ನು ಕೊಟ್ಟಂತೆಯೇ ದಾಟಿಸಿದರೆ ‘ಹ್ಯಾಸ್ ದಿ ನೋಟಿಸ್ ಬೀನ್ ಸೆಂಟ್’ ಎಂಬುದೇ ಸಿಗುತ್ತದೆ. ಆ ಉತ್ತರ ಇದ್ದರೆ ಅದನ್ನೇ ಗುರುತು ಮಾಡುವುದು ಸರಿ, ತಪ್ಪಿನ ಮಾತನ್ನು ಆಮೇಲೆ ಎತ್ತಬಹುದು.

ಎತ್ತಲು ಜಾಗವಿದೆ. ಸ್ಟಾಫ್ ಸೆಲೆಕ್ಷನ್ ಕಮಿಷನ್ ಆಗಲಿ, ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಗಲಿ, ಪರೀಕ್ಷೆಯ ನಂತರ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕೇಳುತ್ತವೆ. ‘ಪ್ರಶ್ನೆ ತಪ್ಪಾಗಿದೆ’ ಎಂದಷ್ಟೇ ಬರೆದರೆ ಪರಿಶೀಲಿಸುವ ತಜ್ಞರಿಗೆ ಉಪಯೋಗವಿಲ್ಲ. ‘ಡಸ್’ ವರ್ತಮಾನ, ‘ಸೆಂಟ್’ ಭೂತ, ಒಂದೇ ವಾಕ್ಯದಲ್ಲಿ ಎರಡು ಕಾಲದ ಗುರುತುಗಳಿವೆ, ಇದರಿಂದ ‘ಎ’ ಮತ್ತು ‘ಬಿ’ ಎರಡಕ್ಕೂ ಸಮಾನ ಆಧಾರವಿದೆ ಎಂದು ಪದಗಳನ್ನು ಹೆಸರಿಸಿ ಬರೆಯಬೇಕು, ಜೊತೆಗೆ ಮಾನ್ಯ ವ್ಯಾಕರಣ ಪುಸ್ತಕದ ಸಂಬಂಧಪಟ್ಟ ಪುಟವನ್ನು ಲಗತ್ತಿಸಬೇಕು. ‘ದೇ ಕಟ್ ದಿ ಟ್ರೀಸ್’ ಬಗೆಯ ಪ್ರಶ್ನೆಯಾದರೆ ಎರಡೂ ಕಾಲಗಳಲ್ಲಿ ವಾಕ್ಯ ಹೇಗೆ ನಿಲ್ಲುತ್ತದೆಂದು ಒಂದೊಂದು ಸಾಲಿನಲ್ಲಿ ತೋರಿಸಿದರೆ ಸಾಕು. ದೋಷ ಒಪ್ಪಿತವಾದರೆ ಅಂತಿಮ ಕೀ ಉತ್ತರದಲ್ಲಿ ಒಂದೋ ಎರಡು ಉತ್ತರಗಳನ್ನು ಮಾನ್ಯ ಮಾಡುತ್ತಾರೆ, ಇಲ್ಲವೇ ಪ್ರಶ್ನೆಯನ್ನೇ ಕೈಬಿಡುತ್ತಾರೆ ಅಥವಾ ಕೃಪಾಂಕ ಕೊಡುತ್ತಾರೆ. ಆಕ್ಷೇಪಣೆಗೆ ಕೊಡುವ ಗಡುವು ಕೆಲವೇ ದಿನಗಳದು. ಅಂಥ ಪ್ರಶ್ನೆ ಕಂಡವರು ಕೊಠಡಿಯಿಂದ ಹೊರಬಂದ ಕೂಡಲೇ ವಾಕ್ಯವನ್ನು ಪದ ಬಿಡದೆ, ವಿಶೇಷವಾಗಿ ಅದರ ಮೊದಲ ಪದವನ್ನು ಮರೆಯದೆ ಬರೆದಿಟ್ಟುಕೊಂಡಿರಬೇಕು.